ಖಾಲಿ ತರಗತಿಯ ಫ್ಯಾನು ತಿರುಗಿಸುವವರು ಯಾರು?

ಶನಿವಾರ ಮಧ್ಯಾಹ್ನ. ಶಾಲೆಯ ಕೊನೆಯ ಗಂಟೆ ಹೊಡೆದು ಅರ್ಧ ತಾಸು ಕಳೆದಿದೆ. ಕೋಣೆಗಳಿಗೆಲ್ಲ ಬೀಗ ಬಿದ್ದಿದೆ. ಲೈಟು ಉರಿಯುತ್ತಿಲ್ಲ, ಫ್ಯಾನು ತಿರುಗುತ್ತಿಲ್ಲ. ಆದರೂ ಮೀಟರ್ ಪೆಟ್ಟಿಗೆಯ ಗಾಜಿನ ಹಿಂದೆ ಪುಟ್ಟದೊಂದು ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಮಿನುಗುತ್ತಲೇ ಇದೆ. ಎಲ್ಲವೂ ಬಂದ್ ಆದಮೇಲೂ ಕರೆಂಟ್ ಎಲ್ಲಿಗೋ ಹೋಗುತ್ತಿದೆ. ಎಲ್ಲಿಗೆ?

ಶಾಲಾ ಮಕ್ಕಳು ನಡೆಸುವ ಇಂಧನ ಪತ್ತೇದಾರಿ ಇಂಥ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಕೈಯಲ್ಲಿ ಒಂದು ವಹಿ, ಒಂದು ಪೆನ್ಸಿಲ್, ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ. ಜತೆಗೆ ಏಳನೇ ತರಗತಿಯ ಗುಣಾಕಾರ, ಭಾಗಾಕಾರ. ಇವಿಷ್ಟರಲ್ಲೇ ಶಾಲೆಯ ಕರೆಂಟ್ ಎಲ್ಲಿ ಖರ್ಚಾಗುತ್ತಿದೆ, ಅದರಲ್ಲಿ ಎಷ್ಟು ಪಾಲು ವ್ಯರ್ಥ, ಯಾವುದನ್ನು ಮೊದಲು ಸರಿಪಡಿಸಬೇಕು ಎಂಬುದನ್ನು ಮಕ್ಕಳು ಸಾಕಷ್ಟು ನಿಖರವಾಗಿ ಹೇಳಬಲ್ಲರು.

ಜರ್ಮನಿಯ ಹ್ಯಾಂಬರ್ಗ್ ನಗರ 1994ರಲ್ಲಿ ಈ ಕೆಲಸಕ್ಕೆ ಒಂದು ಗಟ್ಟಿ ರೂಪ ಕೊಟ್ಟಿತು. ಶಾಲೆಯ ವಿದ್ಯುತ್, ನೀರು, ಬಿಸಿಯೂಡುವಿಕೆಯ ಬಿಲ್ ಕಟ್ಟುವುದು ಆಡಳಿತ. ಮಿತವಾಗಿ ಬಳಸಬೇಕಾದವರು ಮಕ್ಕಳು ಮತ್ತು ಶಿಕ್ಷಕರು. ಉಳಿಸಿದರೆ ಅವರಿಗೇನು ಲಾಭ? ಉಳಿದ ಹಣದಲ್ಲಿ ಅರ್ಧ ಶಾಲೆಗೆ, ಅರ್ಧ ಆಡಳಿತಕ್ಕೆ ಎಂದು ಹ್ಯಾಂಬರ್ಗ್ ನಿಯಮ ಮಾಡಿತು. ಹೀಗಾಗಿ ಯೋಜನೆಗೆ 'ಫಿಫ್ಟಿ-ಫಿಫ್ಟಿ' ಎಂಬ ಹೆಸರೇ ನಿಂತಿತು. ಮುಂದೆ ಇದೇ ಮಾದರಿ ಯುರೋಪಿನ ಹಲವು ದೇಶಗಳಿಗೆ ಹಬ್ಬಿತು. 2013ರಿಂದ 2016ರವರೆಗಿನ ಹಂತದಲ್ಲಿ 13 ದೇಶಗಳ ಸುಮಾರು 500 ಶಾಲೆಗಳು ಇದರಲ್ಲಿದ್ದವು. ಅಲ್ಲಿ ಮಕ್ಕಳ 'ಇಂಧನ ತಂಡ' ಮೊದಲು ಕಟ್ಟಡವನ್ನೆಲ್ಲ ಸುತ್ತಿ ನೋಡುತ್ತದೆ, ಆಮೇಲೆ ವಾರಗಟ್ಟಲೆ ಅಳೆಯುತ್ತದೆ, ಕೊನೆಗೆ ಸಲಹೆಗಳ ಪಟ್ಟಿಯೊಂದಿಗೆ ಆಡಳಿತದ ಎದುರು ಕೂರುತ್ತದೆ. ಜರ್ಮನಿಯಲ್ಲಿ ಮಕ್ಕಳು ಹೆಚ್ಚಾಗಿ ಬೆನ್ನು ಹತ್ತುವುದು ಚಳಿಗಾಲದ ಬಿಸಿಯೂಡುವಿಕೆಯನ್ನು. ನಮ್ಮ ಶಾಲೆಗಳಲ್ಲಿ ಆ ಜಾಗದಲ್ಲಿ ಫ್ಯಾನಿದೆ.

ನಮ್ಮಲ್ಲೂ ಇದಕ್ಕೆ ನೆಲೆಯಿದೆ. ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಅದರಡಿ ಹುಟ್ಟಿದ ಇಂಧನ ದಕ್ಷತಾ ಬ್ಯೂರೋ ಪ್ರತಿವರ್ಷ ಡಿಸೆಂಬರ್ 14ರಂದು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ ಆಚರಿಸಿ, ಮಕ್ಕಳಿಗೆ ಚಿತ್ರಕಲಾ ಸ್ಪರ್ಧೆ ನಡೆಸುತ್ತದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ 'ಗ್ರೀನ್ ಸ್ಕೂಲ್ಸ್' ಕಾರ್ಯಕ್ರಮದಲ್ಲಿ ಮಕ್ಕಳೇ ಶಾಲೆಯ ನೀರು, ಇಂಧನ, ಕಸ ಮುಂತಾದವುಗಳ ಲೆಕ್ಕ ತೆಗೆಯುತ್ತಾರೆ. ಆದರೆ ಭಿತ್ತಿಪತ್ರ ಬರೆಯುವುದಕ್ಕೂ ಲೆಕ್ಕ ತೆಗೆಯುವುದಕ್ಕೂ ಅಂತರವಿದೆ. ಆ ಲೆಕ್ಕ ಹೇಗೆ ನಡೆಯುತ್ತದೆ ಎಂಬುದೇ ಇಲ್ಲಿನ ವಿಷಯ.

ಮೀಟರನ್ನು ಮಾತಾಡಿಸುವುದು

ಈಗಿನ ಡಿಜಿಟಲ್ ಮೀಟರಿನ ಮೈಮೇಲೆ 3200 imp/kWh ಎಂಬಂಥ ಒಂದು ಬರಹವಿರುತ್ತದೆ. ಕೆಂಪು ದೀಪ 3200 ಬಾರಿ ಮಿನುಗಿದರೆ ಒಂದು ಯೂನಿಟ್ ಖರ್ಚಾಯಿತು ಎಂದು ಅದರರ್ಥ. ಕೆಲವು ಮೀಟರಿನಲ್ಲಿ ಈ ಸಂಖ್ಯೆ 1600 ಇರಬಹುದು, ಬೇರೆ ಯಾವುದೋ ಇರಬಹುದು. ಮೀಟರಿನ ಮೇಲೆ ಏನಿದೆಯೋ ಅದನ್ನೇ ಹಿಡಿಯಬೇಕು.

ಇದರಿಂದ ಮಕ್ಕಳಿಗೆ ಒಂದು ಒಳ್ಳೆಯ ಉಪಕರಣವೇ ಸಿಕ್ಕಂತಾಯಿತು. 36 ಲಕ್ಷವನ್ನು ಮೀಟರಿನ ಮೇಲಿನ ಸಂಖ್ಯೆಯಿಂದ ಭಾಗಿಸಬೇಕು. 3200ರ ಮೀಟರಿಗೆ ಬರುವ ಉತ್ತರ 1125. ಎರಡು ಮಿನುಗಿನ ನಡುವೆ ಎಷ್ಟು ಸೆಕೆಂಡು ಎಂದು ನೋಡಿ, 1125ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಆ ಹೊತ್ತಿಗೆ ಇಡೀ ಶಾಲೆ ಎಳೆಯುತ್ತಿರುವ ವ್ಯಾಟ್ ಎಷ್ಟೆಂದು ತಿಳಿಯುತ್ತದೆ. ಶನಿವಾರದ ಆ ಕೆಂಪು ದೀಪ 25 ಸೆಕೆಂಡಿಗೊಮ್ಮೆ ಮಿನುಗುತ್ತಿದ್ದರೆ, ಬೀಗ ಹಾಕಿದ ಶಾಲೆ 45 ವ್ಯಾಟ್ ಬಳಸುತ್ತಿದೆ. ಕಂಪ್ಯೂಟರ್ ಕೋಣೆಯ ಯುಪಿಎಸ್, ಸಿಸಿಟಿವಿಯ ಪೆಟ್ಟಿಗೆ, ಇಂಟರ್ನೆಟ್‌ನ ರೌಟರ್ ಸಾಮಾನ್ಯವಾಗಿ ಸಿಕ್ಕಿಬೀಳುವವು. ನಲವತ್ತೈದು ವ್ಯಾಟ್ ಕೇಳಲು ಸಣ್ಣದು. ಹಗಲೂ ರಾತ್ರಿ, ರಜೆಯಲ್ಲೂ ನಡೆದರೆ ತಿಂಗಳಿಗೆ 32 ಯೂನಿಟ್.

ಸಾಕ್ಷಿ ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸುವುದಕ್ಕೂ ಇದೇ ದಾರಿ. ಒಂದು ಕೋಣೆಯ ನಾಲ್ಕು ಫ್ಯಾನ್‌ಗಳ ತಗಡಿನ ಮೇಲೆ ತಲಾ 75 ವ್ಯಾಟ್ ಎಂದಿದೆ, ಒಟ್ಟು 300. ಶಾಲೆಯಲ್ಲಿ ಬೇರೆಲ್ಲವನ್ನೂ ಬಂದ್ ಮಾಡಿ ಆ ನಾಲ್ಕನ್ನೇ ಪೂರ್ತಿ ವೇಗದಲ್ಲಿ ತಿರುಗಿಸಿದರೆ, ಹತ್ತು ಮಿನುಗಿಗೆ ಸುಮಾರು 37 ಸೆಕೆಂಡು ಹಿಡಿಯಬೇಕು. 32 ಸೆಕೆಂಡಿನಲ್ಲೇ ಮುಗಿದರೆ 350 ವ್ಯಾಟ್ ಹೋಗುತ್ತಿದೆ. ಹೆಚ್ಚಾದ 50 ವ್ಯಾಟ್‌ನಲ್ಲಿ ಕಂಪ್ಯೂಟರ್ ಕೋಣೆಯ ಆ 45 ವ್ಯಾಟ್ ಸೇರಿಕೊಂಡಿದೆಯೇ, ಇಲ್ಲವೇ ಫ್ಯಾನುಗಳೇ ಹೆಚ್ಚು ಎಳೆಯುತ್ತಿವೆಯೇ ಎಂದು ಹುಡುಕಬೇಕು. ಒಂದೇ ಮಿನುಗನ್ನು ಅಳೆದರೆ ತಪ್ಪಾಗುತ್ತದೆ. ಹತ್ತನ್ನು ಎಣಿಸಿ ಸರಾಸರಿ ತೆಗೆಯಬೇಕು. ಎಣಿಕೆ ಶುರುವಾಗುವ ಮಿನುಗನ್ನು 'ಸೊನ್ನೆ' ಎನ್ನಬೇಕು, 'ಒಂದು' ಎಂದರೆ ಲೆಕ್ಕ ಒಂದು ಮಿನುಗಿನಷ್ಟು ಜಾರುತ್ತದೆ. ತುಂಬ ದೊಡ್ಡ ಶಾಲೆಗಳಲ್ಲಿ ಮೀಟರಿಗೆ ಸಿ.ಟಿ. ಎಂಬ ಪೆಟ್ಟಿಗೆ ಜೋಡಿಸಿರುತ್ತಾರೆ. ಅಲ್ಲಿ ಬಿಲ್‌ನಲ್ಲಿ ಕೊಟ್ಟ ಗುಣಕದಿಂದ ಉತ್ತರವನ್ನು ಗುಣಿಸಬೇಕು.

ಮಕ್ಕಳು ಮಾಡಬಾರದ ಕೆಲಸಗಳೂ ಇವೆ. ಮೀಟರ್ ಪೆಟ್ಟಿಗೆ ತೆರೆಯಬಾರದು, ಬೆಂಚಿನ ಮೇಲೆ ಹತ್ತಿ ಫ್ಯಾನ್ ಮುಟ್ಟಬಾರದು, ಸ್ವಿಚ್ ಬೋರ್ಡ್ ಬಿಚ್ಚಬಾರದು. ಓದುವುದು, ಎಣಿಸುವುದು, ಬರೆದುಕೊಳ್ಳುವುದು ಅವರ ಪಾಲು. ಮುಖ್ಯ ಸ್ವಿಚ್ಚಿಗೆ ಕೈ ಹಾಕುವುದು ಶಿಕ್ಷಕರು, ವೈರಿಗೆ ಕೈ ಹಾಕುವುದು ಎಲೆಕ್ಟ್ರಿಷಿಯನ್.

ಗುಟ್ಟಾಗಿ ಸುತ್ತುವ ವಾರ

ಫ್ಯಾನು, ಲೈಟುಗಳ ವ್ಯಾಟ್ ತಿಳಿಯುವುದು ಸುಲಭ. ಟ್ಯೂಬಿನ ತುದಿಯಲ್ಲಿ ಅಚ್ಚಾಗಿರುತ್ತದೆ, ಫ್ಯಾನಿನ ಮೋಟರಿನ ಮೇಲೆ ತಗಡಿನಲ್ಲಿರುತ್ತದೆ. ಹಳೆಯ ಟ್ಯೂಬ್‌ಲೈಟಿನ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು: 36 ವ್ಯಾಟ್ ಎಂದು ಬರೆದಿದ್ದರೂ ಪಟ್ಟಿಯೊಳಗಿನ ತಾಮ್ರದ ಚೋಕ್ ತಾನೂ ಹತ್ತು ಹನ್ನೆರಡು ವ್ಯಾಟ್ ತಿನ್ನುತ್ತದೆ. ಹಾಗಾಗಿ 48 ಎಂದು ಹಿಡಿಯುವುದು ಸರಿ.

ಕಷ್ಟವಿರುವುದು ಗಂಟೆಗಳಲ್ಲಿ. "ದಿನಕ್ಕೆ ಎಷ್ಟು ಹೊತ್ತು ಫ್ಯಾನ್ ಹಾಕುತ್ತೀರಿ?" ಎಂದು ಕೇಳಿದರೆ ಬರುವುದು ಊಹೆ. ಅದಕ್ಕೇ ಮಕ್ಕಳು ಒಂದು ವಾರ ಸುತ್ತು ಹಾಕುತ್ತಾರೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ, ಆಟದ ಅಥವಾ ಪ್ರಯೋಗಾಲಯದ ಪಿರಿಯಡ್‌ನಲ್ಲಿ ಒಮ್ಮೆ, ಸಂಜೆ ಶಾಲೆ ಬಿಟ್ಟ ಹತ್ತು ನಿಮಿಷಕ್ಕೆ ಒಮ್ಮೆ. ಪ್ರತಿ ಕೋಣೆಯೆದುರು ಎರಡೇ ಗುರುತು: ಜನ ಇದ್ದಾರೆಯೇ, ಲೈಟು-ಫ್ಯಾನು ಚಾಲೂ ಇವೆಯೇ.

ಈ ಸುತ್ತು ಗುಟ್ಟಾಗಿ ನಡೆಯಬೇಕು. ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡ ತಂಡ ಕಾರಿಡಾರಿನಲ್ಲಿ ಕಾಣಿಸಿದ ಕೂಡಲೇ ಎಲ್ಲರೂ ಸ್ವಿಚ್ ಆರಿಸತೊಡಗುತ್ತಾರೆ. ವಾರದ ಕೊನೆಯಲ್ಲಿ ವಹಿ ತೆರೆದರೆ 'ನಮ್ಮ ಶಾಲೆಯಲ್ಲಿ ಪೋಲೇ ಇಲ್ಲ' ಎಂಬ ಫಲಿತಾಂಶ ಬಂದಿರುತ್ತದೆ, ಬಿಲ್ ಮಾತ್ರ ಮೊದಲಿನಷ್ಟೇ ಇರುತ್ತದೆ. ಆದ್ದರಿಂದ ಮೊದಲ ವಾರ ಮುಖ್ಯ ಶಿಕ್ಷಕರು ಮತ್ತು ಒಬ್ಬ ಮಾರ್ಗದರ್ಶಿ ಶಿಕ್ಷಕರನ್ನು ಬಿಟ್ಟು ಬೇರೆಯವರಿಗೆ ವಿಷಯ ತಿಳಿಸದಿರುವುದು ಒಳ್ಳೆಯದು. ವಹಿಯಲ್ಲಿ ಬರೆಯಬೇಕಾದದ್ದು ಕೋಣೆಯ ಸಂಖ್ಯೆಯನ್ನು, ಶಿಕ್ಷಕರ ಹೆಸರನ್ನಲ್ಲ. ಹೆಸರು ಬಂತೆಂದರೆ ಸಭೆಯಲ್ಲಿ ಚರ್ಚೆ ಕರೆಂಟಿನ ಮೇಲೆ ನಿಲ್ಲದೆ ಜನರ ಮೇಲೆ ತಿರುಗುತ್ತದೆ.

ಹತ್ತು ಕೋಣೆಯ ಒಂದು ಲೆಕ್ಕ

ಉದಾಹರಣೆಗೆ ಹತ್ತು ತರಗತಿ ಕೋಣೆಗಳ ಒಂದು ಸಾಧಾರಣ ಪ್ರೌಢಶಾಲೆಯನ್ನು ಇಟ್ಟುಕೊಳ್ಳೋಣ. ಪ್ರತಿ ಕೋಣೆಯಲ್ಲಿ 75 ವ್ಯಾಟ್‌ನ ನಾಲ್ಕು ಫ್ಯಾನು, ಚೋಕ್ ಸೇರಿ ಸುಮಾರು 50 ವ್ಯಾಟ್ ಆಗುವ ಮೂರು ಟ್ಯೂಬು. ಒಂದು ಕೋಣೆಗೆ 450 ವ್ಯಾಟ್, ಹತ್ತಕ್ಕೆ 4500. ಗಂಟೆಗೆ ನಾಲ್ಕೂವರೆ ಯೂನಿಟ್.

ಶಾಲೆ ನಡೆಯುವುದು ಆರು ಗಂಟೆ. ಅದರಲ್ಲಿ ಪ್ರಾರ್ಥನೆಗೆ 20 ನಿಮಿಷ, ಊಟಕ್ಕೆ 45, ಆಟ ಅಥವಾ ಪ್ರಯೋಗಾಲಯಕ್ಕೆ 40 ನಿಮಿಷ ಕೋಣೆ ಖಾಲಿ. ಸೇರಿಸಿದರೆ ಒಂದೂ ಮುಕ್ಕಾಲು ಗಂಟೆ. ಮಕ್ಕಳು ಕೂತಿರುವ ಉಳಿದ ನಾಲ್ಕೂಕಾಲು ಗಂಟೆಗೆ, ತಿಂಗಳಿಗೆ 22 ದಿನದಂತೆ, ಸುಮಾರು 421 ಯೂನಿಟ್ ಬೇಕು. ಖಾಲಿ ಹೊತ್ತಿನಲ್ಲಿ ಅರ್ಧದಷ್ಟು ಕೋಣೆಗಳು ಚಾಲೂ ಇದ್ದವೆಂದು ಗುಟ್ಟಿನ ಸುತ್ತು ತೋರಿಸಿದರೆ, ಯಾರೂ ಇಲ್ಲದ ಕೋಣೆಗಳಿಗೆ ಹೋದದ್ದು 87 ಯೂನಿಟ್. ಎರಡೂ ಸೇರಿ 508.

ಇನ್ನು ಬಿಲ್ ನೋಡಬೇಕು. ಅದರಲ್ಲಿ 620 ಯೂನಿಟ್ ಇದ್ದರೆ 112 ಯೂನಿಟ್ ಲೆಕ್ಕಕ್ಕೆ ಸಿಕ್ಕಿಲ್ಲ. ತನಿಖೆಯ ರುಚಿ ಇರುವುದೇ ಇಲ್ಲಿ. ನೀರಿನ ಪಂಪು ನೆನಪಾಗುತ್ತದೆ: ಒಂದು ಅಶ್ವಶಕ್ತಿಯ ಮೋಟರು ಸುಮಾರು 1000 ವ್ಯಾಟ್ ಎಳೆದು ದಿನಕ್ಕೆ ಎರಡು ಗಂಟೆ ಓಡಿದರೆ 44 ಯೂನಿಟ್. ಬೀಗ ಹಾಕಿದ ಮೇಲೂ ನಡೆಯುವ ಆ 45 ವ್ಯಾಟ್‌ನ ಪಾಲು 32. ಉಳಿದ 36 ಯೂನಿಟ್‌ಗೆ ಆಫೀಸಿನ ಕಂಪ್ಯೂಟರ್, ಶಿಕ್ಷಕರ ಕೋಣೆಯ ಫ್ಯಾನ್ ಉತ್ತರ ಹೇಳುತ್ತವೆ. ಹೀಗೆ ಪಟ್ಟಿಯ ಮೊತ್ತ ಬಿಲ್‌ಗೆ ಹತ್ತಿರ ಬಂದರೆ ಲೆಕ್ಕವನ್ನು ನಂಬಬಹುದು. ನೂರಾರು ಯೂನಿಟ್ ವ್ಯತ್ಯಾಸ ಉಳಿದರೆ ಯಾವುದೋ ಕೋಣೆ ಬಿಟ್ಟುಹೋಗಿದೆ, ಇಲ್ಲವೇ ಗಂಟೆಗಳ ಊಹೆ ತಪ್ಪಿದೆ, ಇಲ್ಲವೇ ಶಾಲೆಯ ಮೀಟರಿನಿಂದ ಹೊರಗೆಲ್ಲೋ ಕರೆಂಟ್ ಹೋಗುತ್ತಿದೆ.

ಆರಿಸದಿರುವುದಕ್ಕೂ ಕಾರಣವಿದೆ

ಪೋಲು ಕಂಡುಹಿಡಿದ ಮೇಲೆ 'ದಯವಿಟ್ಟು ಸ್ವಿಚ್ ಆರಿಸಿ' ಎಂಬ ಚೀಟಿ ಅಂಟಿಸಿ ಕೈತೊಳೆದುಕೊಂಡರೆ ತನಿಖೆ ಅರ್ಧಕ್ಕೇ ನಿಂತಂತೆ. ಜನ ಯಾಕೆ ಆರಿಸುತ್ತಿಲ್ಲ ಎಂದು ಕೇಳಬೇಕು.

ಬೋರ್ಡಿನ ಮೇಲೆ ಒಂದೇ ರೀತಿಯ ಎಂಟು ಸ್ವಿಚ್ಚುಗಳಿವೆ. ಯಾವುದು ಯಾವ ಫ್ಯಾನಿನದು ಎಂದು ಯಾರಿಗೂ ಗೊತ್ತಿಲ್ಲ. ಹಿಂದಿನ ಸಾಲಿನ ಒಂದು ಫ್ಯಾನು ಬೇಕೆಂದರೆ ಎಂಟನ್ನೂ ಒತ್ತಿ ನೋಡುತ್ತಾರೆ, ಎಲ್ಲವೂ ಹಾಗೇ ಉಳಿಯುತ್ತವೆ. ಪ್ರತಿ ಸ್ವಿಚ್ಚಿನ ಕೆಳಗೆ 'ಕಿಟಕಿ ಸಾಲು', 'ಬಾಗಿಲ ಫ್ಯಾನ್' ಎಂದು ಚೀಟಿ ಅಂಟಿಸುವುದು ಹತ್ತು ರೂಪಾಯಿಯ ಕೆಲಸ. ಇನ್ನೊಂದು ಕೋಣೆಯಲ್ಲಿ ನಡುಹಗಲಲ್ಲೂ ಟ್ಯೂಬು ಉರಿಯುತ್ತದೆ. ನೋಡಿದರೆ ಕಿಟಕಿ ಮುಚ್ಚಿದೆ, ಯಾಕೆಂದರೆ ಬಿಸಿಲು ಕಪ್ಪುಹಲಗೆಯ ಮೇಲೆ ಬಿದ್ದು ಹೊಳೆಯುತ್ತದೆ, ಮಕ್ಕಳಿಗೆ ಅಕ್ಷರ ಕಾಣುವುದಿಲ್ಲ. ಅಲ್ಲಿ ಪರಿಹಾರ ಹಲಗೆಯನ್ನು ಬೇರೆ ಗೋಡೆಗೆ ಸರಿಸುವುದು, ಅಥವಾ ಹಲಗೆಯ ಪಕ್ಕದ ಒಂದೇ ಕಿಟಕಿಗೆ ಪರದೆ ಹಾಕಿ ಉಳಿದವನ್ನು ತೆರೆಯುವುದು.

ಬೆಳಕು ಸಾಕೇ ಎಂಬುದನ್ನೂ ಅಳೆಯಬಹುದು. ತರಗತಿಯಲ್ಲಿ ಮೇಜಿನ ಮೇಲೆ ಸುಮಾರು 300 ಲಕ್ಸ್ ಬೆಳಕಿರಬೇಕೆಂಬುದು ಸಾಮಾನ್ಯ ಅಳತೆ. ಶಿಕ್ಷಕರ ಮೊಬೈಲಿನಲ್ಲಿ ಲಕ್ಸ್ ತೋರಿಸುವ ಆ್ಯಪ್ ಹಾಕಿಕೊಂಡು ಕಿಟಕಿಯ ಪಕ್ಕದ ಮೇಜು ಮತ್ತು ಒಳಗಿನ ಮೇಜನ್ನು ಹೋಲಿಸಬಹುದು. ಮೊಬೈಲಿನಿಂದ ಮೊಬೈಲಿಗೆ ಅಂಕಿ ಬದಲಾಗುತ್ತದೆ, ಆದ್ದರಿಂದ ಎಲ್ಲ ಕೋಣೆಗೂ ಒಂದೇ ಮೊಬೈಲ್ ಬಳಸಬೇಕು. ಬಂದ ಅಂಕಿ ಹೋಲಿಕೆಗೆ ಸಾಕು, ಪ್ರಮಾಣಪತ್ರಕ್ಕಲ್ಲ. ಬಹಳ ಕಡೆ ಕಿಟಕಿ ಸಾಲಿಗೆ ಬೇಕಾದಷ್ಟು ಬೆಳಕಿದ್ದು ಗೋಡೆ ಸಾಲಿಗೆ ಮಾತ್ರ ಕಮ್ಮಿ ಇರುತ್ತದೆ. ಆದರೆ ಮೂರೂ ಟ್ಯೂಬಿಗೆ ಒಂದೇ ಸ್ವಿಚ್ ಇದ್ದರೆ ಮೂರೂ ಉರಿಯಲೇಬೇಕು. ಕಿಟಕಿ ಸಾಲಿಗೆ ಪ್ರತ್ಯೇಕ ಸ್ವಿಚ್ ಕೊಡಿಸಿ ಎಂಬ ಸಲಹೆ ಹುಟ್ಟುವುದು ಹೀಗೆ. ಬೆಳಕು ಕಮ್ಮಿ ಇರುವ ಮೇಜು ಕಂಡರೆ ಅಲ್ಲಿ ಹೆಚ್ಚುವರಿ ಲೈಟು ಕೇಳುವುದೂ ಈ ತಂಡದ ಕೆಲಸವೇ. ಕತ್ತಲಲ್ಲಿ ಓದಿಸಿ ಯೂನಿಟ್ ಉಳಿಸುವುದು ಉಳಿತಾಯವಲ್ಲ.

ಫ್ಯಾನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿದೆ. 'ಊಟಕ್ಕೆ ಹೋಗುವಾಗ ಆರಿಸಬೇಡ, ಬರುವಷ್ಟರಲ್ಲಿ ರೂಮು ತಣ್ಣಗಿರಲಿ' ಎನ್ನುತ್ತಾರೆ. ಫ್ಯಾನು ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ. ಮೈಮೇಲಿನ ಬೆವರು ಬೇಗ ಆರುವಂತೆ ಗಾಳಿ ಆಡಿಸುತ್ತದೆ, ತಂಪೆನಿಸುವುದು ಅದರಿಂದ. ಮೈಯೇ ಇಲ್ಲದ ಕೋಣೆಯಲ್ಲಿ ಮೋಟರಿನ ಬಿಸಿಯಷ್ಟೇ ಉಳಿಯುತ್ತದೆ. ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ತಲಾ ಒಂದು ಉಷ್ಣಮಾಪಕ ಇಟ್ಟು, ಒಂದರಲ್ಲಿ ಫ್ಯಾನು ಹಾಕಿ ಇನ್ನೊಂದರಲ್ಲಿ ಆರಿಸಿ ಊಟ ಮುಗಿಸಿ ಬಂದು ನೋಡಿದರೆ, ಫ್ಯಾನು ತಿರುಗಿದ ಕೋಣೆ ಹೆಚ್ಚು ತಂಪಾಗಿಲ್ಲವೆಂದು ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ.

ರೆಗ್ಯುಲೇಟರನ್ನೂ ನೋಡಬೇಕು. ಡಬ್ಬಿಯಂಥ ಹಳೆಯ ರೆಗ್ಯುಲೇಟರ್ ವೇಗ ತಗ್ಗಿಸಿದಾಗ ಮಿಕ್ಕ ವಿದ್ಯುತ್ತಿನ ಒಂದಷ್ಟು ಪಾಲನ್ನು ಬಿಸಿಯಾಗಿ ಸುಡುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ವೇಗ ಇಳಿದಂತೆ ಖರ್ಚೂ ಚೆನ್ನಾಗಿ ಇಳಿಯುತ್ತದೆ. ರೆಗ್ಯುಲೇಟರ್ ಕೆಟ್ಟು ಪೂರ್ತಿ ವೇಗದಲ್ಲಷ್ಟೇ ತಿರುಗುವ ಫ್ಯಾನುಗಳು ಶಾಲೆಗಳಲ್ಲಿ ಬೇಕಾದಷ್ಟು ಸಿಗುತ್ತವೆ.

ಮೊದಲು ಯಾವುದನ್ನು ಬದಲಿಸುವುದು?

ಸಲಹೆಗಳ ಪಟ್ಟಿಯನ್ನು ಮೂರು ಭಾಗ ಮಾಡುವುದು ಅನುಕೂಲ: ಹಣ ಬೇಡದ್ದು, ಸ್ವಲ್ಪ ಹಣ ಬೇಕಾದದ್ದು, ಹೆಚ್ಚು ಹಣ ಬೇಕಾದದ್ದು. ಉತ್ಸಾಹದಲ್ಲಿ ಮಕ್ಕಳು ಎಲ್ಲ ಫ್ಯಾನನ್ನೂ ಹೊಸ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿ ಎಂದುಬಿಡುತ್ತಾರೆ. ಅದು 75ರ ಬದಲು 35 ವ್ಯಾಟ್‌ನೊಳಗೆ ಅಷ್ಟೇ ಗಾಳಿ ಕೊಡುತ್ತದೆ ಎಂಬುದು ನಿಜ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲಿ ಆರಿಸುವುದೂ ಸುಲಭ.

ಆದರೆ ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಬರುತ್ತದೆ. ಖಾಲಿ ಹೊತ್ತಿನಲ್ಲಿ ಆರಿಸುವ ಅಭ್ಯಾಸ ಬಂದ ಶಾಲೆಯಲ್ಲಿ ಒಂದು ಫ್ಯಾನು ವರ್ಷಕ್ಕೆ ಸುಮಾರು 935 ಗಂಟೆ ತಿರುಗುತ್ತದೆ. 40 ವ್ಯಾಟ್ ಉಳಿದರೆ ವರ್ಷಕ್ಕೆ 37 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೆ 300 ರೂಪಾಯಿ. ಫ್ಯಾನಿನ ಬೆಲೆ 3000 ಆದರೆ ಹಾಕಿದ ಹಣ ಮರಳಲು ಹತ್ತು ವರ್ಷ ಬೇಕು. ಅದೇ ಹಳೆಯ ಟ್ಯೂಬನ್ನು 20 ವ್ಯಾಟ್‌ನ ಎಲ್‌ಇಡಿಗೆ ಬದಲಿಸಿದರೆ ಸುಮಾರು 28 ವ್ಯಾಟ್, ವರ್ಷಕ್ಕೆ 26 ಯೂನಿಟ್, 200 ರೂಪಾಯಿಗೂ ತುಸು ಹೆಚ್ಚು ಉಳಿಯುತ್ತದೆ. ಟ್ಯೂಬಿನ ಬೆಲೆ 250 ಎಂದಿಟ್ಟುಕೊಂಡರೆ ಸುಮಾರು ಒಂದೂಕಾಲು ವರ್ಷದಲ್ಲಿ ಹಣ ಮರಳಿತು. ದಿನವಿಡೀ ಫ್ಯಾನು ತಿರುಗುವ ಮನೆಗೆ ಅಥವಾ ಆಸ್ಪತ್ರೆಗೆ ಸರಿಹೊಂದುವ ಸಲಹೆ, ಗಂಟೆಗಳು ಕಡಿಮೆ ಇರುವ ಶಾಲೆಗೆ ಹಾಗೇ ಹೊಂದುವುದಿಲ್ಲ. ಶಾಲೆಯಲ್ಲಿ ಎಲ್‌ಇಡಿ ಮೊದಲು. ಫ್ಯಾನು ಕಾಯಿಲ್ ಸುಟ್ಟು ಕೆಳಗಿಳಿದಾಗ, ಮತ್ತೆ ಸುತ್ತಿಸುವ ಬದಲು ಆ ಜಾಗಕ್ಕೆ ಬಿಎಲ್‌ಡಿಸಿ ತರಬಹುದು.

ಹಣ ಎಲ್ಲಿಂದ? ನಮ್ಮ ಹತ್ತು ಕೋಣೆಯ ಶಾಲೆ ಖಾಲಿ ಕೋಣೆಗಳ 87 ಯೂನಿಟ್ ನಿಲ್ಲಿಸಿದರೆ ತಿಂಗಳಿಗೆ ಸುಮಾರು 700 ರೂಪಾಯಿ, ಶಾಲೆ ನಡೆಯುವ ಹತ್ತು ತಿಂಗಳಿಗೆ 7000. ಮೂವತ್ತು ಎಲ್‌ಇಡಿ ಟ್ಯೂಬಿಗೆ ಬೇಕಾದದ್ದು 7500. ಬಿಡಿಕಾಸು ಖರ್ಚಿಲ್ಲದ ಮೊದಲ ಸಲಹೆಯೇ ಎರಡನೆಯದರ ಖರ್ಚನ್ನು ಬಹುಮಟ್ಟಿಗೆ ಹೊರುತ್ತದೆ. ಇಳಿಸಿದ ಹಳೆಯ ಟ್ಯೂಬುಗಳಲ್ಲಿ ಪಾದರಸವಿದೆ. ಅವನ್ನು ಒಡೆಯದೆ, ಕಸದ ಗುಂಡಿಗೆ ಎಸೆಯದೆ, ಇ-ತ್ಯಾಜ್ಯ ಪಡೆಯುವವರಿಗೆ ಕೊಡಬೇಕು.

ಕರ್ನಾಟಕದಲ್ಲಿ ಇದಕ್ಕೊಂದು ತೊಡಕಿದೆ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಕೊಡುವುದಾಗಿ 2023ರ ರಾಜ್ಯೋತ್ಸವದ ದಿನ ಸರ್ಕಾರ ಘೋಷಿಸಿತು. ಬಿಲ್ ಕಟ್ಟಲು ಪರದಾಡುತ್ತಿದ್ದ ಶಾಲೆಗಳಿಗೆ ಇದು ದೊಡ್ಡ ನಿರಾಳ. ಆದರೆ ಬಿಲ್ಲಿನ ಭಾರ ಶಾಲೆಯ ಮೇಲೆ ಇಲ್ಲದಾಗ ಉಳಿತಾಯವೂ ಶಾಲೆಯ ಕಣ್ಣಿಗೆ ಬೀಳುವುದಿಲ್ಲ. ಹ್ಯಾಂಬರ್ಗ್ 1994ರಲ್ಲಿ ಎದುರಿಸಿದ್ದೂ ಇದೇ ಪ್ರಶ್ನೆಯನ್ನು. ಉಳಿಸಿದ ಯೂನಿಟ್‌ನ ಅರ್ಧ ಬೆಲೆ ಶಾಲೆಯ ಗ್ರಂಥಾಲಯಕ್ಕೋ ಆಟದ ಸಾಮಾನಿಗೋ ಮರಳುವ ವ್ಯವಸ್ಥೆ ಇಲ್ಲಿಗೂ ಹೊಂದುತ್ತದೆ. ಮೀಟರ್ ಅಂತೂ ಎಲ್ಲ ಶಾಲೆಯಲ್ಲೂ ಯೂನಿಟ್ ಎಣಿಸುತ್ತಲೇ ಇದೆ. ವೈರಿಂಗ್ ದುರಸ್ತಿ, ಪ್ರತ್ಯೇಕ ಸ್ವಿಚ್, ಎಲ್‌ಇಡಿ ಟ್ಯೂಬುಗಳ ಬೇಡಿಕೆಯನ್ನು ಮಕ್ಕಳು ಎಸ್‌ಡಿಎಂಸಿ ಸಭೆಯ ಮುಂದಿಡಬಹುದು, ಹಳ್ಳಿಗಳಲ್ಲಾದರೆ ಮಕ್ಕಳ ಗ್ರಾಮಸಭೆಗೂ ಒಯ್ಯಬಹುದು. ಅಲ್ಲಿ 'ಲೈಟ್ ಕೊಡಿಸಿ' ಎಂದು ಕೇಳುವುದಕ್ಕಿಂತ, ಕೋಣೆವಾರು ಯೂನಿಟ್ ಮತ್ತು ಹಣ ಮರಳುವ ಅವಧಿ ಬರೆದ ಒಂದು ಹಾಳೆ ಹೆಚ್ಚು ಕೆಲಸ ಮಾಡುತ್ತದೆ.

ಸಲಹೆ ಜಾರಿಗೆ ಬಂದ ಮೇಲೆ ಮತ್ತೆ ಅಳೆಯಬೇಕು. ಮಾರ್ಚ್‌ನ ಬಿಲ್ಲನ್ನು ಡಿಸೆಂಬರಿನದರೊಂದಿಗೆ ಹೋಲಿಸಿದರೆ ಬೇಸಿಗೆಯ ಫ್ಯಾನು ಲೆಕ್ಕ ಕೆಡಿಸುತ್ತದೆ. ದಸರಾ ರಜೆಯ ಅಕ್ಟೋಬರ್ ಸುಮ್ಮಸುಮ್ಮನೆ ಉಳಿತಾಯದಂತೆ ಕಾಣುತ್ತದೆ. ಹಾಗಾಗಿ ಒಟ್ಟು ಯೂನಿಟ್ಟನ್ನು ಶಾಲೆ ನಡೆದ ದಿನಗಳಿಂದ ಭಾಗಿಸಿ, ಹೋದ ವರ್ಷದ ಅದೇ ತಿಂಗಳೊಂದಿಗೆ ಹೋಲಿಸಬೇಕು. ಇದಕ್ಕೆ ಒಂದು ವರ್ಷದ ದಾಖಲೆ ಸಾಲದು. ತಂಡದಲ್ಲಿ ಹತ್ತನೆಯವರಷ್ಟೇ ಇದ್ದರೆ ಅವರು ಶಾಲೆ ಬಿಟ್ಟ ದಿನವೇ ವಹಿಯೂ ಕಳೆದುಹೋಗುತ್ತದೆ. ಎಂಟನೆಯ ತರಗತಿಯವರನ್ನು ಸೇರಿಸಿಕೊಂಡು, ತಿಂಗಳ ಮೊದಲ ಕೆಲಸದ ದಿನ ಮೀಟರ್ ಓದಿ ಅಂಕಿಯನ್ನು ಸೂಚನಾ ಫಲಕದಲ್ಲಿ ಬರೆಯುವ ಹೊಣೆಯನ್ನು ಅವರಿಗೆ ಒಪ್ಪಿಸಿದರೆ, ಮುಂದಿನ ಜೂನ್‌ನಲ್ಲಿ ಹೊಸ ತಂಡ ಹೋಲಿಸಿ ನೋಡಲು ಹಿಂದಿನ ಜೂನ್‌ನ ಅಂಕಿ ಸಿದ್ಧವಿರುತ್ತದೆ.